ದೊಡ್ಡಪ್ಪನ ಪತ್ರ: ಪ್ರವೇಶದ ಪ್ರಬಂಧದ ಕುರಿತು

ಮೈಸೂರು

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಎಂಬಿಎ ಪ್ರವೇಶಕ್ಕೆ ನೀನು ಬರೆದ ಪ್ರಬಂಧದ ಕರಡನ್ನು ಎರಡು ಬಾರಿ ಓದಿದೆ. ಐನೂರು ಪದಗಳಲ್ಲಿ ನೂರೈವತ್ತು ಬಾಲ್ಯಕ್ಕೂ ನಾಯಕತ್ವದ ಗುಣಗಾನಕ್ಕೂ ಹೋಗಿವೆ. ಮದ್ದೂರಿನ ಕಡೆಯ ಹಾಲು ಶೀತಲೀಕರಣ ಕೇಂದ್ರದಲ್ಲಿ ಮೂರು ವರ್ಷ ದುಡಿದದ್ದು ಒಂದೇ ಸಾಲಿನಲ್ಲಿ ಮುಗಿದಿದೆ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಓದುತ್ತಲೇ ನಿವೃತ್ತನಾದವನು ನಾನು, ಆ ಒಂದು ಸಾಲಿನಲ್ಲೇ ನಿನ್ನ ಪ್ರಬಂಧವಿದೆ ಎನ್ನಿಸಿತು.

ಕಳೆದ ಯುಗಾದಿಯಲ್ಲಿ ನೀನೇ ಹೇಳಿದ್ದೆ: ಬೇಸಿಗೆಯ ಸಂಜೆ ಒಡೆಯುತ್ತಿದ್ದದ್ದು ದೂರದ ಊರಿನ ಹಾಲಲ್ಲ, ಹತ್ತಿರದ ಊರಿನದು. ಗಾಡಿ ಮೊದಲು ಹತ್ತಿರದ ಡೇರಿಗಳ ಕ್ಯಾನ್‌ಗಳನ್ನು ತುಂಬಿಕೊಂಡು ಕೊನೆಯ ಊರಿನವರೆಗೆ ಹೋಗಿ ಬರುತ್ತಿದ್ದುದರಿಂದ ಆ ಹಾಲು ಸೆಕೆಯಲ್ಲೇ ಊರೆಲ್ಲ ಸುತ್ತುತ್ತಿತ್ತು. ನೀನು ಗಾಡಿಯನ್ನು ನೇರವಾಗಿ ಕೊನೆಯ ಊರಿಗೆ ಕಳಿಸಿ, ವಾಪಸಾಗುವಾಗ ಹತ್ತಿರದ ಡೇರಿಗಳಲ್ಲಿ ತುಂಬಿಸಿದೆ. ಅಲ್ಲಿನ ಕಾರ್ಯದರ್ಶಿಗಳನ್ನು ಒಪ್ಪಿಸಿ ಹಾಲು ಅಳೆಯುವ ಹೊತ್ತನ್ನು ಒಂದು ಗಂಟೆ ಮುಂದೂಡಿಸಿದೆ. ತಿಂಗಳಿಗೆ 38 ಕ್ಯಾನ್ ತಿರಸ್ಕೃತವಾಗುತ್ತಿದ್ದದ್ದು 12ಕ್ಕೆ ಇಳಿಯಿತು. ಇದನ್ನು ಬರೆದರೆ ನಾಯಕತ್ವವೆಂಬ ಪದವೇ ಬೇಕಾಗುವುದಿಲ್ಲ. ಆದರೆ ಅಂಕಿಯನ್ನು ಕೇಂದ್ರದ ರಿಜಿಸ್ಟರಿನೊಂದಿಗೆ ತಾಳೆ ನೋಡು, ಸಂದರ್ಶನದಲ್ಲಿ ಮೊದಲು ಕೆದಕುವುದು ಅದನ್ನೇ.

ಆಮೇಲೆ ಆದದ್ದನ್ನು ನೀನು ನಾಚಿಕೆಯಿಂದ ಮುಚ್ಚಿಟ್ಟಿದ್ದೀಯೆ. ಉಳಿದ 12 ಕ್ಯಾನ್‌ಗಳಿಗಾಗಿ ಕೊನೆಯ ಊರಿನಲ್ಲೇ ಒಂದು ಸಣ್ಣ ಕೂಲರ್ ಇಡೋಣವೆಂದು ನೀನು ಕೇಳಿದಾಗ, ಹಾಕಿದ ಹಣ ಎಷ್ಟು ವರ್ಷದಲ್ಲಿ ವಾಪಸು ಬರುತ್ತದೆ ಎಂದು ಮೇಲಿನವರು ಕೇಳಿದರು. ಉಳಿಯುವ ಹಾಲಿನ ಬೆಲೆಯಲ್ಲಿ ವಿದ್ಯುತ್ತು, ಜನರೇಟರಿನ ಡೀಸೆಲ್, ನಿರ್ವಹಣೆ ಕಳೆದು, ವರ್ಷವರ್ಷದ ಉಳಿತಾಯವನ್ನು ಇಂದಿನ ಮೌಲ್ಯಕ್ಕೆ ಇಳಿಸಿ ಹೂಡಿಕೆಯೊಂದಿಗೆ ಹೋಲಿಸುವುದು ನಿನಗೆ ಬರಲಿಲ್ಲ, ಕಡತ ಅಲ್ಲೇ ನಿಂತಿತು. ನಿನಗೆ ಎಂಬಿಎ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ನಿಜವಾದ ಉತ್ತರವಿಲ್ಲ. "ಸಮಗ್ರ ವ್ಯವಹಾರ ಜ್ಞಾನಕ್ಕಾಗಿ" ಎಂಬ ವಾಕ್ಯವನ್ನು ಹೊಡೆದುಹಾಕಿ ಆ ಕೂಲರಿನ ಪ್ರಸಂಗವನ್ನು ಬರೆ. ನೀನು ಆರಿಸಿದ ಸಂಸ್ಥೆಯ ಪಠ್ಯಕ್ರಮವನ್ನು ತೆರೆದು, ಬಂಡವಾಳ ಹೂಡಿಕೆಯ ನಿರ್ಧಾರವನ್ನೂ ಸರಬರಾಜು ಜಾಲದ ವಿನ್ಯಾಸವನ್ನೂ ಕಲಿಸುವ ಪತ್ರಿಕೆಗಳನ್ನು ಹೆಸರಿಸು. ಸಂಸ್ಥೆಯ ಹೊಗಳಿಕೆ ಬೇಡ, ಅದು ಅವರಿಗೇ ಗೊತ್ತು.

ಗುರಿಯೂ ಇಲ್ಲಿಂದಲೇ ಹುಟ್ಟಬೇಕು. "ರೈತರ ಬದುಕನ್ನು ಬದಲಿಸುವೆ" ಎಂದರೆ ಯಾರೂ ಅಳೆಯಲಾರರು. ಪದವಿ ಮುಗಿದೊಡನೆ ಹೈನು ಅಥವಾ ಆಹಾರ ಕಂಪನಿಯೊಂದರಲ್ಲಿ ಹಾಲು ಸಂಗ್ರಹಣೆಯ ಯೋಜನೆ ನೋಡುವ ಕೆಲಸ, ಏಳೆಂಟು ವರ್ಷಗಳಲ್ಲಿ ಒಂದು ಜಿಲ್ಲೆಯ ಇಡೀ ಶೀತಲೀಕರಣ ಜಾಲದ ಹೊಣೆ ಎಂದು ಬರೆ. ಕೂಲರಿನ ಪ್ರಸಂಗವನ್ನು ತೆಗೆದುಹಾಕಿದರೂ ಗುರಿಯ ಸಾಲು ಹಾಗೆಯೇ ನಿಲ್ಲುವುದಾದರೆ ಕೊಂಡಿ ಬಿದ್ದಿಲ್ಲವೆಂದು ತಿಳಿ.

ಹೊಸ ಕರಡನ್ನು ಭಾನುವಾರದೊಳಗೆ ಕಳಿಸು. ಹೊತ್ತು ಮುಂದೂಡಲು ಮೊದಲು ಒಪ್ಪದಿದ್ದ ಆ ಕಾರ್ಯದರ್ಶಿಗೆ ನೀನು ಏನು ಹೇಳಿ ಒಪ್ಪಿಸಿದೆ ಎಂಬುದು ಅದರಲ್ಲಿರಲಿ, ಅದನ್ನು ನನಗೂ ನೀನು ಹೇಳಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ