ಕಲಬುರಗಿಯ 44 ಡಿಗ್ರಿ ಏಕೆ ಬಿಸಿಗಾಳಿಯಲ್ಲ: ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರೇ,

ನಮಸ್ಕಾರ. ರಾಜ್ಯದ ವಿಪತ್ತು ನಿರ್ವಹಣೆ ತಮ್ಮ ಇಲಾಖೆಗೆ ಸೇರಿದ್ದರಿಂದ ಈ ಪತ್ರ ತಮಗೆ.

ಬಯಲು ಸೀಮೆಯಲ್ಲಿ ಬಿಸಿಗಾಳಿ ಎನ್ನಬೇಕಾದರೆ ಭಾರತೀಯ ಹವಾಮಾನ ಇಲಾಖೆ ಮೊದಲು ನೋಡುವುದು ಗರಿಷ್ಠ ತಾಪಮಾನ 40 ಡಿಗ್ರಿ ಮುಟ್ಟಿದೆಯೇ ಎಂದು. ಮುಟ್ಟಿದ್ದರೆ, ಅದು ಆ ದಿನದ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ವಾಡಿಕೆ ಏನೇ ಇರಲಿ, 45 ಡಿಗ್ರಿ ತಲುಪಿದರೂ ಸಾಕು. ಅಷ್ಟಕ್ಕೇ ಮುಗಿಯುವುದಿಲ್ಲ. ಒಂದೇ ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಸತತ ಎರಡು ದಿನ ಹೀಗಿರಬೇಕು. ಘೋಷಣೆ ಎರಡನೆಯ ದಿನ.

ಈಗ ನಮ್ಮ ಊರಿನ ಲೆಕ್ಕ ಹಾಕೋಣ. ಮೇ ತಿಂಗಳಲ್ಲಿ ಕಲಬುರಗಿಯ ವಾಡಿಕೆ 40.5 ಎಂದಿಟ್ಟುಕೊಳ್ಳಿ. ವಾರವಿಡೀ 44 ಡಿಗ್ರಿ ಸುಟ್ಟರೂ ಹೆಚ್ಚಳ ಮೂರೂವರೆಯೇ, ಬಿಸಿಗಾಳಿಯಲ್ಲ. ವಾಡಿಕೆ 36 ಇರುವ ಊರಿನಲ್ಲಿ 40.6 ಆದರೆ ಅದು ಬಿಸಿಗಾಳಿ. ಬೆಂಗಳೂರಿನ ಪಾಡು ಇನ್ನೊಂದು ಬಗೆ: 2024ರ ಏಪ್ರಿಲ್‌ನಲ್ಲಿ ಅಲ್ಲಿ 38.5 ದಾಖಲಾಯಿತು, ಆದರೆ 40ರ ಹೊಸ್ತಿಲು ದಾಟದ ಕಾರಣ ವಾಡಿಕೆಯ ಮಾತೇ ಏಳಲಿಲ್ಲ.

ಹವಾಮಾನ ತಜ್ಞರನ್ನು ನಾನು ದೂರುತ್ತಿಲ್ಲ. ಯಾವ ಊರಿನ ಮೈ ಎಷ್ಟು ಬಿಸಿಲಿಗೆ ಒಗ್ಗಿದೆ ಎಂಬುದನ್ನು ವಾಡಿಕೆಯೇ ಹೇಳುತ್ತದೆ, ಹಾಗಾಗಿ ಆ ಅಳತೆಗೆ ಅರ್ಥವಿದೆ. ಆದರೆ ಅವರು ಅಳೆಯುವುದು ಗಾಳಿಯ ಬಿಸಿಯನ್ನು. ತಾಪಮಾಪಕ ಇರುವುದು ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ, ಗಾಳಿಯಾಡುವ ಪಟ್ಟಿಗಳ ಮರದ ಪೆಟ್ಟಿಗೆಯೊಳಗೆ, ನೆರಳಿನಲ್ಲಿ. ಕಾದ ಡಾಂಬರನ್ನು ಗುದ್ದಲಿಯಿಂದ ಹರಡುವ ಹೆಂಗಸಿಗೆ ಆ ಪೆಟ್ಟಿಗೆಯಿಲ್ಲ.

ಬೇಸಿಗೆಯಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವಂತೆ ಸರ್ಕಾರ ಆದೇಶ ಹೊರಡಿಸುತ್ತದೆ. ಅದಕ್ಕೆ ಯಾರೂ 4.5 ಡಿಗ್ರಿಯ ಲೆಕ್ಕ ಕೇಳುವುದಿಲ್ಲ, ಕ್ಯಾಲೆಂಡರ್ ಸಾಕು. ಫ್ಯಾನಿನ ಕೆಳಗೆ ಕೂತವರಿಗೆ ಸಿಗುವ ಈ ಅನುಕೂಲ ರಸ್ತೆ ಗುತ್ತಿಗೆಯ ಕೂಲಿಯವರಿಗೂ ಸಿಗಲಿ.

ಬಿಸಿಲಿನ ಅಪಾಯ ಎದುರಿಸಲು ಅಹಮದಾಬಾದ್ 2013ರಲ್ಲಿ ತನ್ನದೇ ಯೋಜನೆ ಮಾಡಿಕೊಂಡಿತು. 2010ರ ಮೇ ತಿಂಗಳ ಸುಡುಬಿಸಿಲಿನಲ್ಲಿ ಸಾವುಗಳು ಏರಿದ್ದೇ ಅದಕ್ಕೆ ಪ್ರೇರಣೆ. ಅಲ್ಲಿ ಎಚ್ಚರಿಕೆಯ ಮೆಟ್ಟಿಲುಗಳು ಆ ಊರಿನದೇ, 45 ಮುಟ್ಟುವವರೆಗೆ ಕಾಯುವುದಿಲ್ಲ. ನಮ್ಮಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಮಾಪನ ಕೇಂದ್ರಗಳು ಹೋಬಳಿ ಮಟ್ಟದಲ್ಲೇ ಇವೆ. ಆ ಅಂಕಿಗಳನ್ನು ಜಿಲ್ಲಾ ಆಸ್ಪತ್ರೆಗಳ ಬೇಸಿಗೆ ದಾಖಲಾತಿಯ ಪಕ್ಕದಲ್ಲಿಟ್ಟು ನೋಡಿಸಿ. ಎಷ್ಟು ಡಿಗ್ರಿಗೆ ರೋಗಿಗಳು ಹೆಚ್ಚುತ್ತಾರೋ ಅದೇ ಜಿಲ್ಲೆಯ ಮಿತಿಯಾಗಲಿ. ಮರುದಿನ ಆ ಮಿತಿ ಮುಟ್ಟಲಿದೆ ಎಂದು ಮುನ್ಸೂಚನೆ ಬಂದರೆ, ಹಿಂದಿನ ಸಂಜೆಯೇ ಆ ಮಧ್ಯಾಹ್ನದ ಕಾಮಗಾರಿ ನಿಲ್ಲಿಸುವ ಅಧಿಕಾರ ತಹಶೀಲ್ದಾರರಿಗೆ ಇರಲಿ. ಟೆಂಡರ್ ಷರತ್ತಿನಲ್ಲೇ ಇದನ್ನು ಸೇರಿಸಿದರೆ ಗುತ್ತಿಗೆದಾರರೂ ತಕರಾರು ತೆಗೆಯಲಾರರು.

ಆದೇಶ ಫೆಬ್ರುವರಿಯೊಳಗೆ ಬರಲಿ ಎಂಬುದು ಕೋರಿಕೆ.

ಇಂತಿ,
ಕಲಬುರಗಿಯ ಒಬ್ಬ ನಾಗರಿಕ