ನಿಮ್ಮ ಅಡುಗೆಮನೆಯ ಗ್ಯಾಸ್ ಎಚ್ಚರಿಕೆ ಪೆಟ್ಟಿಗೆಯನ್ನು ಬದಲಿಸಿಕೊಡುತ್ತಿದ್ದೇವೆ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಒಗ್ಗರಣೆ ಹಾಕಿದರೆ ಸಾಕು, ಸೈರನ್ ಕೂಗುತ್ತದೆ ಎಂದು ನಿಮ್ಮಲ್ಲಿ ಹಲವರು ದೂರಿದ್ದೀರಿ. ಒಬ್ಬ ಗ್ರಾಹಕಿಯ ಮನೆಗೆ ಹೋದಾಗ ನಮ್ಮ ಪೆಟ್ಟಿಗೆಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ರಬ್ಬರ್ ಬ್ಯಾಂಡ್ ಬಿಗಿದಿದ್ದರು. ಅವರು ಹೇಳಿದ ಒಂದು ಮಾತು ನಮ್ಮನ್ನು ಬೆಚ್ಚಿಬೀಳಿಸಿತು: "ಕರೆಂಟ್ ಬಹಳ ಹೊತ್ತು ಹೋಗಿ ಬಂದ ದಿನ ಮಾತ್ರ ಇದು ತೆಪ್ಪಗಿರುತ್ತದೆ."

ಅಂಥ ದಿನ ಅದು ತೆಪ್ಪಗಿದ್ದುದೇ ದೊಡ್ಡ ದೋಷ. ಪೆಟ್ಟಿಗೆಯಲ್ಲಿರುವ ಎಂಕ್ಯೂ-6 ಸೆನ್ಸರ್‌ನೊಳಗೆ ತವರ ಆಕ್ಸೈಡಿನ ಪದರ ಮತ್ತು ಅದನ್ನು ಕಾಯಿಸುವ ಪುಟ್ಟ ಹೀಟರ್ ಇವೆ. ಅನಿಲ ತಗುಲಿದಾಗ ಪದರದ ವಿದ್ಯುತ್ ರೋಧ ಇಳಿಯುತ್ತದೆ. ಆ ಇಳಿತವನ್ನೇ ನಾವು ಅಳೆಯುವುದು. ಆದರೆ ತಣ್ಣಗಿದ್ದ ಸೆನ್ಸರ್ ಕಾಯಲು ತೊಡಗಿದಾಗ, ಶುದ್ಧ ಗಾಳಿಯಲ್ಲೂ ರೋಧ ಮೊದಲು ಕುಸಿದು, ಬಳಿಕ ನಿಧಾನವಾಗಿ ಮೇಲೇರಿ ನೆಲೆಗೊಳ್ಳುತ್ತದೆ. ನಮ್ಮ ಹಳೆಯ ಪೆಟ್ಟಿಗೆ ಕರೆಂಟ್ ಬಂದ 20 ಸೆಕೆಂಡಿಗೇ ಆಗಿನ ರೋಧವನ್ನು "ಇದೇ ಶುದ್ಧ ಗಾಳಿ" ಎಂದು ಬರೆದಿಟ್ಟುಕೊಳ್ಳುತ್ತಿತ್ತು. ಹಾಗೆ ಬರೆದಿಟ್ಟ ಅಳತೆ ತೀರಾ ಕಡಿಮೆ. ಅಂದಿನಿಂದ ನಿಜವಾದ ಸೋರಿಕೆಯೂ ಅದಕ್ಕೆ ಶುದ್ಧ ಗಾಳಿಯಂತೆ ಕಂಡುಬಿಡಬಹುದು. ಕರೆಂಟ್ ಕ್ಷಣ ಮಾತ್ರ ಹೋಗಿ ಬಂದಿದ್ದರೆ ಸೆನ್ಸರ್ ಇನ್ನೂ ಬಿಸಿಯಿರುತ್ತದೆ, ಅಳತೆ ಸರಿಯಾಗಿರುತ್ತದೆ, ಒಗ್ಗರಣೆಗೂ ಕೂಗುತ್ತದೆ. ಹೀಗಾಗಿ ದೂರು ಕೊಟ್ಟವರಿಗಿಂತ ಎಂದೂ ದೂರು ಕೊಡದವರ ಮನೆಯದೇ ನಮಗೀಗ ಹೆಚ್ಚಿನ ಚಿಂತೆ.

ಹೊಸ ಪೆಟ್ಟಿಗೆ ನಿಮ್ಮ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಶುದ್ಧ ಗಾಳಿಯನ್ನು ನಿರ್ಧರಿಸುವುದಿಲ್ಲ. ಪ್ರತಿ ಸೆನ್ಸರನ್ನೂ ನಮ್ಮಲ್ಲಿ, ಒಲೆ ಊದುಬತ್ತಿಗಳಿಂದ ದೂರವಾದ ತೆರೆದ ಜಗುಲಿಯಲ್ಲಿ, 48 ಗಂಟೆ ಸತತ ಕಾಯಿಸಿಟ್ಟ ಮೇಲೆಯೇ ಅಳತೆ ತೆಗೆದು ಚಿಪ್‌ನಲ್ಲಿ ಶಾಶ್ವತವಾಗಿ ಬರೆಯುತ್ತೇವೆ. ಬಳಿಕ 100 ಲೀಟರಿನ ಮುಚ್ಚಿದ ಡ್ರಮ್ಮಿಗೆ ಸಿರಿಂಜಿನಲ್ಲಿ 180 ಮಿಲಿಲೀಟರ್ ಅಡುಗೆ ಅನಿಲ ಬಿಟ್ಟು, ಚೆನ್ನಾಗಿ ಬೆರೆಸಿ ಪರೀಕ್ಷಿಸುತ್ತೇವೆ. ಗಾಳಿಯಲ್ಲಿ ಸುಮಾರು ಶೇ 1.8ರಷ್ಟು ಸೇರಿದರೆ ಅಡುಗೆ ಅನಿಲ ಹೊತ್ತಿಕೊಳ್ಳಬಲ್ಲದು; ಡ್ರಮ್ಮಿನಲ್ಲಿರುವುದು ಅದರ ಹತ್ತನೇ ಒಂದು ಪಾಲು. ಅಷ್ಟಕ್ಕೆ ಕೂಗದ ಪೆಟ್ಟಿಗೆ ನಮ್ಮ ಬಾಗಿಲು ದಾಟುವುದಿಲ್ಲ. ದಯವಿಟ್ಟು ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ.

ಕರೆಂಟ್ ಬಂದಾಗ ಹಸಿರು ದೀಪ 3 ನಿಮಿಷ ಮಿನುಗುತ್ತದೆ. ಆಗ ಪೆಟ್ಟಿಗೆ ಕೂಗುವುದಿಲ್ಲ, ಕಾವಲೂ ಕಾಯುವುದಿಲ್ಲ. ಆದ್ದರಿಂದ ಕರೆಂಟ್ ಬಂದ ಕೂಡಲೇ ಒಲೆ ಹಚ್ಚುವ ಮುನ್ನ ಮೂಗಿನಿಂದಲೇ ಒಮ್ಮೆ ನೋಡಿಕೊಳ್ಳಿ. 3 ನಿಮಿಷ ಕಳೆದರೂ ಅನಿಲದ ಮಟ್ಟ ಇಳಿಯದೆ ಮೇಲೆಯೇ ನಿಂತಿದ್ದರೆ, ಅದನ್ನು ಸೋರಿಕೆಯೆಂದೇ ಎಣಿಸಿ ಸೈರನ್ ಕೂಗುತ್ತದೆ. ವಾರಗಟ್ಟಲೆ ಊರಿಗೆ ಹೋಗಿ ಪೆಟ್ಟಿಗೆಯನ್ನು ಆರಿಸಿಟ್ಟಿದ್ದರೆ, ಒಂದು ದಿನ ಕಾದ ಮೇಲೆ ಅದನ್ನು ನಂಬಿ.

ಇನ್ನು ಎಕ್ಸಾಸ್ಟ್ ಫ್ಯಾನ್. ಮೊದಲು ಫ್ಯಾನಿಗೂ ಸೈರನ್ನಿಗೂ ಒಂದೇ ಮಿತಿಯಿತ್ತು. ಮಟ್ಟ ಆ ಗೆರೆಯ ಮೇಲೆ ಕೆಳಗೆ ಆಡುತ್ತಿದ್ದರೆ, ಫ್ಯಾನನ್ನು ತಾನಾಗಿ ಹಚ್ಚಿ ಆರಿಸುವ ಸ್ವಿಚ್ಚಾದ ರಿಲೇ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿತ್ತು. ಈಗ ಹೊತ್ತಿಕೊಳ್ಳುವ ಮಟ್ಟದ ಇಪ್ಪತ್ತನೇ ಒಂದು ಪಾಲು 20 ಸೆಕೆಂಡ್ ನಿಂತರೆ ಫ್ಯಾನ್ ತಿರುಗುತ್ತದೆ. ಮಟ್ಟ ಅದರ ಅರ್ಧಕ್ಕಿಳಿದು 5 ನಿಮಿಷ ಹಾಗೆಯೇ ಉಳಿದ ಮೇಲಷ್ಟೇ ನಿಲ್ಲುತ್ತದೆ. ಹತ್ತನೇ ಒಂದು ಪಾಲು 15 ಸೆಕೆಂಡ್ ನಿಂತರೆ ಸೈರನ್. ಕವರ್ ಕಟ್ಟಿದ್ದ ಆ ಮನೆಯಲ್ಲೇ ಹೊಸದನ್ನು ಇಟ್ಟು, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ ಹಾಕಿಸಿ ನೋಡಿದೆವು. ಅರ್ಧ ನಿಮಿಷಕ್ಕೆ ಫ್ಯಾನ್ ತಿರುಗಿ ಘಾಟು ಎಳೆದುಕೊಂಡಿತು, ಸೈರನ್ ಕೂಗಲಿಲ್ಲ. ಸುಮ್ಮನೆ ತಿರುಗಿದ ಫ್ಯಾನಿನಿಂದ ನಷ್ಟವಿಲ್ಲ. ಸುಮ್ಮನೆ ಕೂಗಿದ ಸೈರನ್ನಿಗೆ ಜನ ಕವರ್ ಕಟ್ಟುತ್ತಾರೆ.

ಮಟ್ಟ ಮೊದಲೇ ಸೈರನ್ ಗೆರೆ ದಾಟಿದ್ದು ಫ್ಯಾನ್ ನಿಂತಿದ್ದರೆ, ಪೆಟ್ಟಿಗೆ ಫ್ಯಾನನ್ನು ಹಚ್ಚುವುದೇ ಇಲ್ಲ, ಏಕೆಂದರೆ ರಿಲೇಯ ಕಿಡಿಯೇ ಅಪಾಯ. ನೀವೂ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದ ಮೇಲೆ 1906ಕ್ಕೆ ಕರೆ ಮಾಡಿ. ಇದೇ ಕಾರಣಕ್ಕೆ ರಿಲೇಯನ್ನು ಪೆಟ್ಟಿಗೆಯಿಂದ ಬೇರ್ಪಡಿಸಿ ಅಡುಗೆಮನೆಯ ಹೊರಗೋಡೆಗೆ ಹಾಕಿಕೊಡುತ್ತೇವೆ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಹಾಗಾಗಿ ಸೆನ್ಸರ್ ಪೆಟ್ಟಿಗೆ ನೆಲದಿಂದ ಒಂದಡಿ ಎತ್ತರದಲ್ಲಿಯೇ ಇರಲಿ.

ಹಳೆಯ ಪೆಟ್ಟಿಗೆಯನ್ನು ಮುಂದಿನ ಎರಡು ತಿಂಗಳೊಳಗೆ ತಂದುಕೊಡಿ, ಬದಲಾವಣೆಗೆ ಹಣ ಪಡೆಯುವುದಿಲ್ಲ. ತರಲಾಗದವರ ಮನೆಗೆ ನಾವೇ ಬರುತ್ತೇವೆ. ಅಲ್ಲಿಯವರೆಗೆ ಹಳೆಯದು ಸುಮ್ಮನಿದೆ ಎಂದು ಅದನ್ನು ನೆಚ್ಚಬೇಡಿ. ರಾತ್ರಿ ಮಲಗುವಾಗ ರೆಗ್ಯುಲೇಟರ್ ಬಂದ್ ಮಾಡಿರಿ.

ಇಂತಿ ನಿಮ್ಮ ವಿಶ್ವಾಸಿಗಳು,
ಸಹಕಾರ ಘಟಕದ ತಯಾರಿಕೆ ಮತ್ತು ದುರಸ್ತಿ ವಿಭಾಗ