ಆಫರ್ ಒಪ್ಪುವ ಮೊದಲು ಮನೆ ಹುಡುಕು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಎರಡೂ ಆಫರ್‌ಗಳನ್ನು ರಾತ್ರಿ ಕೂತು ಓದಿದೆ. ದೊಡ್ಡ ಊರಿನವರು ಕೊಡುವುದು ಜಾಸ್ತಿ, ಇನ್ನೇನು ಯೋಚನೆ ಎಂದು ಬರೆದಿದ್ದೀಯಲ್ಲ, ಅಲ್ಲೇ ನನಗೆ ಕಳವಳ. ಈ ಪತ್ರವನ್ನು ಬೇರೆಯವರೂ ಓದುತ್ತಾರೆ. ಹಾಗಾಗಿ ನಿನ್ನ ಸಂಬಳದ ಅಂಕಿ ಬರೆಯುವುದಿಲ್ಲ. ಸಣ್ಣ ಊರಿನ ಆಫರ್ ತಿಂಗಳಿಗೆ 100 ಎಂದು ಇಟ್ಟುಕೊಳ್ಳೋಣ. ಆ ಲೆಕ್ಕದಲ್ಲಿ ದೊಡ್ಡ ಊರಿನದು 140.

ಮೊದಲು ಕೈಗೆ ಎಷ್ಟು ಬರುತ್ತದೆ ನೋಡು. ಆ 140ರಲ್ಲಿ 14 ವೇರಿಯಬಲ್ ಪೇ. ವರ್ಷದ ಕೊನೆಗೆ ಕಂಪನಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಉಳಿದದ್ದರಲ್ಲಿ ತೆರಿಗೆ, ಕಡಿತ ಎಲ್ಲ ಹೋಗಿ ತಿಂಗಳಿಗೆ ನಿನಗೆ ಸಿಗುವುದು 102. ಸಣ್ಣ ಊರಿನಲ್ಲಿ 84. ನಲವತ್ತರ ಅಂತರ ಇಲ್ಲೇ ಹದಿನೆಂಟಕ್ಕೆ ಇಳಿಯಿತು.

ಇನ್ನು ಬಾಡಿಗೆ. ನೀನು ಎರಡೂ ಊರಿನ ಸರಾಸರಿ ಬಾಡಿಗೆ ಹಾಕಿದ್ದೀಯ. ಸರಾಸರಿ ಮನೆಯಲ್ಲಿ ಯಾರೂ ವಾಸ ಮಾಡುವುದಿಲ್ಲ ಕಣೋ. ಬಾಡಿಗೆ ಮತ್ತು ಓಡಾಟ ಒಂದೇ ಖರ್ಚಿನ ಎರಡು ಮುಖ. ಆಫೀಸಿನಿಂದ ದೂರ ಹೋದಷ್ಟೂ ಬಾಡಿಗೆ ಇಳಿಯುತ್ತದೆ, ದಾರಿಯಲ್ಲಿ ಕಳೆಯುವ ಹೊತ್ತು ಏರುತ್ತದೆ. ಅದಕ್ಕೇ ನಾನು ಬೇರೆ ರೀತಿ ಹುಡುಕಿದೆ. ಎರಡೂ ಊರಿನಲ್ಲಿ ಆಫೀಸಿನಿಂದ ಅರ್ಧ ಗಂಟೆ ದೂರದಲ್ಲಿ, ಒಂದೇ ಅಳತೆಯ ಮನೆಗೆ ಎಷ್ಟು ಕೇಳುತ್ತಾರೆ ಎಂದು ನೋಡಿದೆ. ಸಣ್ಣ ಊರಿನಲ್ಲಿ 18, ದೊಡ್ಡ ಊರಿನಲ್ಲಿ 38.

ಊಟ, ಕರೆಂಟು, ದಿನಬಳಕೆಗೆ ಸಣ್ಣ ಊರಿನಲ್ಲಿ 22, ದೊಡ್ಡ ಊರಿನಲ್ಲಿ 26. ಓಡಾಟಕ್ಕೆ ಎರಡೂ ಕಡೆ 4. ನಿನ್ನ ಸಾಲದ ಕಂತು 15. ಈ ಕಂತನ್ನು ಮರೆಯಬೇಡ. ಜೀವನವೆಚ್ಚದ ಸೂಚ್ಯಂಕ ತೋರಿಸುವ ವೆಬ್‌ಸೈಟುಗಳು ಇಡೀ ಸಂಬಳವನ್ನು ಒಂದೇ ಅಂಕಿಯಿಂದ ಗುಣಿಸಿಬಿಡುತ್ತವೆ. ಆದರೆ ಊರು ಅಗ್ಗವಾಯಿತು ಎಂದು ಬ್ಯಾಂಕಿನವರು ಕಂತು ಇಳಿಸುವುದಿಲ್ಲ, ಅಲ್ವಾ? ಕಂತು ದೊಡ್ಡದಿದ್ದವರಿಗೆ ಆ ಸೂಚ್ಯಂಕ ಅಗ್ಗದ ಊರನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಹಾಗಾಗಿ ಅದನ್ನು ನಾನು ಮುಟ್ಟಲೇ ಇಲ್ಲ.

ಎಲ್ಲ ಕಳೆದರೆ ಸಣ್ಣ ಊರಿನಲ್ಲಿ ಉಳಿಯುವುದು 25. ದೊಡ್ಡ ಊರಿನಲ್ಲಿ 19.

ದೂರ ಮನೆ ಮಾಡುತ್ತೇನೆ ಎಂದು ನೀನು ಹೇಳುತ್ತೀಯ, ಗೊತ್ತು. ಅದನ್ನೂ ನೋಡಿದೆ. ಊರಾಚೆ ಬಾಡಿಗೆ 26, ಓಡಾಟಕ್ಕೆ 7. ಆಗ ಉಳಿಯುವುದು 28. ಸಣ್ಣ ಊರಿಗಿಂತ 3 ಜಾಸ್ತಿ. ಆದರೆ ಒಂದು ಕಡೆಗೆ ಒಂದೂಕಾಲು ಗಂಟೆ. ಸಣ್ಣ ಊರಿಗಿಂತ ದಿನಕ್ಕೆ ಒಂದೂವರೆ ಗಂಟೆ ಹೆಚ್ಚು. 22 ಕೆಲಸದ ದಿನಕ್ಕೆ 33 ಗಂಟೆ. ನಾಲ್ಕು ದಿನ ಪೂರ್ತಿ ಆಫೀಸಿನಲ್ಲಿ ಕೂತಷ್ಟು ಹೊತ್ತು! ಸಣ್ಣ ಊರಿನಲ್ಲಿ ಕೈಗೆ ಬರುವ ಸಂಬಳದ ದರದಲ್ಲಿ ಅಷ್ಟು ಗಂಟೆ ದುಡಿದರೆ ಸುಮಾರು 16 ಸಿಗುತ್ತದೆ. ನೀನು ಅದನ್ನು 3ಕ್ಕೆ ಕೊಡುತ್ತಿದ್ದೀಯ. ನಾನು ಹೀಗೆ ಎರಡು ವರ್ಷ ಓಡಾಡಿದೆ. ಮಗಳು ಏಳುವ ಮೊದಲು ಹೊರಟು, ಮಲಗಿದ ಮೇಲೆ ಮನೆ ಸೇರುತ್ತಿದ್ದೆ. ಆ ಹೊತ್ತಿಗೆ ನಾನು ಬೆಲೆಯನ್ನೇ ಕಟ್ಟಿರಲಿಲ್ಲ.

ಈ ಒಂದೂಕಾಲು ಗಂಟೆಯೂ ಮ್ಯಾಪ್ ಹೇಳಿದ್ದು. ರಾತ್ರಿ ಮನೆಯಲ್ಲಿ ಕೂತು ನೋಡಿದರೆ ಅದು ಖಾಲಿ ರಸ್ತೆಯ ಸಮಯ ತೋರಿಸುತ್ತದೆ. ಸೋಮವಾರ ಬೆಳಿಗ್ಗೆ, ನೀನು ಹೊರಡಬೇಕಾದ ಹೊತ್ತಿಗೇ ನೋಡು. ಆಗಲೂ ಬರುವುದು ರಸ್ತೆಯ ಸಮಯ ಮಾತ್ರ. ಮನೆ ಬಾಗಿಲಿನಿಂದ ಕುರ್ಚಿಯವರೆಗಿನ ನಡಿಗೆ, ಕಾಯುವುದು, ಲಿಫ್ಟು ಎಲ್ಲ ನೀನೇ ಸೇರಿಸಬೇಕು. ವಾರಕ್ಕೆ ಮೂರೇ ದಿನ ಆಫೀಸು ಎಂದರೆ ಆ 33 ಗಂಟೆ 20ಕ್ಕೆ ಇಳಿಯುತ್ತದೆ. ಅದು ಒಳ್ಳೆಯದೇ. ಆದರೆ ಆಫರ್ ಲೆಟರ್‌ನಲ್ಲಿ ಬರೆದಿದ್ದರೆ ಮಾತ್ರ ನಂಬು. ಬಾಯಿಮಾತಿನಲ್ಲಿ ಹೇಳಿದ್ದನ್ನು ಮ್ಯಾನೇಜರ್ ಬದಲಾದ ದಿನವೇ ಹಿಂದಕ್ಕೆ ತೆಗೆದುಕೊಳ್ಳಬಹುದು.

ಹಾಗಂತ ದೊಡ್ಡ ಊರು ಬೇಡವೇ ಬೇಡ ಎನ್ನುತ್ತಿಲ್ಲ. ವೇರಿಯಬಲ್ ಪೂರ್ತಿ ಬಂದರೆ ತೆರಿಗೆ ಕಳೆದು ತಿಂಗಳಿಗೆ 10 ಸೇರುತ್ತದೆ. ಆಗ ಆಫೀಸಿನ ಹತ್ತಿರವೇ ಮನೆ ಮಾಡಿದರೂ 29 ಉಳಿಯುತ್ತದೆ, ಸಣ್ಣ ಊರಿನ 25ಕ್ಕಿಂತ ಮೇಲೆ. ಅರ್ಧ ಮಾತ್ರ ಬಂದರೆ 24. ನೂರಕ್ಕೆ ಅರವತ್ತು ಬಂದರೆ ಎರಡೂ ಸಮ. ನಿನ್ನ ನಿರ್ಧಾರ ನಿಂತಿರುವುದು ಈ ಒಂದು ಅಂಕಿಯ ಮೇಲೆ. ಕಳೆದ ಎರಡು ವರ್ಷ ನೀನು ಸೇರಲಿರುವ ಟೀಮಿನವರಿಗೆ ವೇರಿಯಬಲ್‌ನಲ್ಲಿ ನೂರಕ್ಕೆ ಎಷ್ಟು ಕೊಟ್ಟರು ಎಂದು ಎಚ್‌ಆರ್‌ಗೆ ಇಮೇಲ್ ಮಾಡಿ ಕೇಳು. "ಸಾಮಾನ್ಯವಾಗಿ ಚೆನ್ನಾಗಿ ಕೊಡುತ್ತೇವೆ" ಎಂದಷ್ಟೇ ಬರೆದರೆ ಅದನ್ನು ಸೊನ್ನೆ ಎಂದು ಹಿಡಿ.

ಶುಕ್ರವಾರದೊಳಗೆ ಉತ್ತರ ಕೊಡಬೇಕು ಎಂದಿದ್ದೆಯಲ್ಲ. ಆ ಇಮೇಲ್ ಇವತ್ತೇ ಕಳಿಸು. ಅವರ ಉತ್ತರ ಬಂದ ಕೂಡಲೇ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ ಗೆಳೆಯ